ಸಾಲಕ್ಕಾಗಿ ಬ್ಯಾಂಕ್ ಸ್ಟೇಟ್‌ಮೆಂಟ್: ಒಪ್ಪಿಗೆ ಕೊಡುವುದು ಹೇಗೆ, ಹಿಂತೆಗೆಯುವುದು ಹೇಗೆ

ಖಾತೆದಾರರ ಒಪ್ಪಿಗೆ ಪಡೆದು, ಅವರ ಬ್ಯಾಂಕ್ ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದಲೇ ನೇರವಾಗಿ ಸಾಲ ಕೊಡುವ ಸಂಸ್ಥೆಗೆ ತಲುಪಿಸುವ ವ್ಯವಸ್ಥೆಯನ್ನು ಭಾರತದಲ್ಲಿ ಅಕೌಂಟ್ ಅಗ್ರಿಗೇಟರ್ ಎಂದು ಕರೆಯುತ್ತಾರೆ. ಇದರ ನಿಯಮಗಳನ್ನು ರಿಸರ್ವ್ ಬ್ಯಾಂಕ್ 2016ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿತು. ಬ್ಯಾಂಕುಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಯನ್ನು ಇದಕ್ಕೆ ಜೋಡಿಸಿಕೊಳ್ಳಲು ಐದು ವರ್ಷ ಹಿಡಿಯಿತು. 2021ರ ಸೆಪ್ಟೆಂಬರ್‌ನಲ್ಲಿ ಕೆಲವು ದೊಡ್ಡ ಬ್ಯಾಂಕುಗಳೊಂದಿಗೆ ಇದು ಜನರ ಬಳಕೆಗೆ ಬಂತು. ಈಗ ಮೊಬೈಲ್‌ನಲ್ಲಿ ವೈಯಕ್ತಿಕ ಸಾಲಕ್ಕೋ ಅಂಗಡಿಯ ಬಂಡವಾಳಕ್ಕೋ ಅರ್ಜಿ ಹಾಕಿದವರಿಗೆ ಸ್ಟೇಟ್‌ಮೆಂಟ್ ಕೊಡಬೇಕಾದ ಹಂತದಲ್ಲಿ ಎದುರಾಗುವ ಒಪ್ಪಿಗೆಯ ಪರದೆ ಬಹಳ ಸಲ ಇದೇ ವ್ಯವಸ್ಥೆಯದು.

ಇದಕ್ಕೂ ಮೊದಲು ಸ್ಟೇಟ್‌ಮೆಂಟ್ ಕೊಡಲು ಮೂರು ದಾರಿಗಳಿದ್ದವು, ಮೂರರಲ್ಲೂ ತೊಡಕಿತ್ತು. ಬ್ಯಾಂಕಿಗೆ ಹೋಗಿ ಮುದ್ರಿಸಿಕೊಂಡು ಸೀಲು ಹಾಕಿಸಿ ತರುವುದು ಮೊದಲನೆಯದು. ಅದಕ್ಕೆ ಅರ್ಧ ದಿನದ ಕೆಲಸ ಬಿಡಬೇಕಿತ್ತು. ಪಿಡಿಎಫ್ ಇಳಿಸಿಕೊಂಡು ಅದರ ಪಾಸ್‌ವರ್ಡ್ ಸಮೇತ ಏಜೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಎರಡನೆಯದು. ಹಾಗೆ ಕಳಿಸಿದ ಕಡತ ಎಷ್ಟು ಜನರ ಫೋನಿನಲ್ಲಿ ಉಳಿಯಿತು ಎಂಬುದಕ್ಕೆ ಲೆಕ್ಕವೇ ಇರಲಿಲ್ಲ. ಅದನ್ನು ತಿದ್ದುವುದೂ ಸುಲಭವಾಗಿದ್ದರಿಂದ ಸಾಲ ಕೊಡುವವರಿಗೆ ನಂಬಿಕೆ ಬರುತ್ತಿರಲಿಲ್ಲ. ನೆಟ್‌ಬ್ಯಾಂಕಿಂಗ್‌ನ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನೇ ಸಾಲದ ಆ್ಯಪ್‌ಗೆ ಕೊಟ್ಟುಬಿಡುವುದು ಮೂರನೆಯದು, ಎಲ್ಲಕ್ಕಿಂತ ಅಪಾಯದ್ದು. ಸ್ಟೇಟ್‌ಮೆಂಟ್ ನೋಡುವುದಕ್ಕಷ್ಟೇ ಕೊಟ್ಟ ಪಾಸ್‌ವರ್ಡ್ ಖಾತೆಯ ಉಳಿದ ಬಾಗಿಲುಗಳನ್ನೂ ತೆರೆಯುತ್ತದೆ. ಹೊಸ ವ್ಯವಸ್ಥೆಯಲ್ಲಿ ಯಾವ ಹಂತದಲ್ಲೂ ಪಾಸ್‌ವರ್ಡ್ ಕೇಳುವಂತಿಲ್ಲ. ಗ್ರಾಹಕರ ಪಾಸ್‌ವರ್ಡ್, ಪಿನ್ ಮೊದಲಾದವನ್ನು ಅಕೌಂಟ್ ಅಗ್ರಿಗೇಟರ್ ಕೇಳಬಾರದು, ಇಟ್ಟುಕೊಳ್ಳಲೂಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ.

ಈ ಏರ್ಪಾಡಿನಲ್ಲಿ ಖಾತೆದಾರರನ್ನು ಬಿಟ್ಟರೆ ಪಾಲುದಾರರು ಮೂವರು. ಖಾತೆ ಇರುವ ಬ್ಯಾಂಕು ಮಾಹಿತಿ ಕೊಡುತ್ತದೆ. ಸಾಲ ಕೊಡುವ ಬ್ಯಾಂಕು ಅಥವಾ ಹಣಕಾಸು ಕಂಪನಿ ಅದನ್ನು ಪಡೆಯುತ್ತದೆ. ನಡುವೆ ನಿಂತು ಒಪ್ಪಿಗೆಯನ್ನು ದಾಖಲಿಸಿ, ಆ ಒಪ್ಪಿಗೆಯ ಮಿತಿಯೊಳಗೆ ಮಾಹಿತಿಯನ್ನು ದಾಟಿಸುವುದು ಅಕೌಂಟ್ ಅಗ್ರಿಗೇಟರ್. ಇದು ರಿಸರ್ವ್ ಬ್ಯಾಂಕಿನಿಂದ ಪರವಾನಗಿ ಪಡೆದ ಪ್ರತ್ಯೇಕ ಕಂಪನಿ. ಫಿನ್‌ವು, ಒನ್‌ಮನಿ, ಅನುಮತಿ, ಕ್ಯಾಮ್ಸ್‌ಫಿನ್‌ಸರ್ವ್ ಇಂಥ ಕೆಲವು ಹೆಸರುಗಳು. ಇವು ಬೇರೆ ವ್ಯಾಪಾರ ಮಾಡುವಂತಿಲ್ಲ, ಸಾಲ ಕೊಡುವಂತಿಲ್ಲ, ಖಾತೆಯಿಂದ ಹಣ ವರ್ಗಾಯಿಸುವ ಅಧಿಕಾರವಂತೂ ಇಲ್ಲವೇ ಇಲ್ಲ.

ನಡುವಿನ ಕಂಪನಿ ಗ್ರಾಹಕರ ಲೆಕ್ಕವನ್ನು ಓದಿಬಿಡುವುದಿಲ್ಲವೇ ಎಂಬ ಸಂಶಯ ಸಹಜ. ಮುಚ್ಚಿದ ಲಕೋಟೆಯನ್ನು ತಲುಪಿಸುವ ಅಂಚೆಯವರ ಕೆಲಸವಷ್ಟೇ ಅದರದು. ಸಾಲ ಕೊಡುವ ಸಂಸ್ಥೆ ಪ್ರತಿ ಸಲ ಮಾಹಿತಿ ಕೇಳುವಾಗಲೂ ಒಂದು ಹೊಸ ಜೋಡಿ ಗೂಢಲಿಪಿ ಕೀಲಿಗಳನ್ನು ಸೃಷ್ಟಿಸಿ, ಬಹಿರಂಗ ಕೀಲಿಯನ್ನು ಮಾತ್ರ ಬ್ಯಾಂಕಿಗೆ ಕಳಿಸುತ್ತದೆ. ಬ್ಯಾಂಕು ತನ್ನದೂ ಒಂದು ಜೋಡಿಯನ್ನು ಮಾಡಿಕೊಂಡು, ಎರಡನ್ನೂ ಸೇರಿಸಿ ಸ್ಟೇಟ್‌ಮೆಂಟಿಗೆ ಬೀಗ ಹಾಕುತ್ತದೆ. ಬಿಚ್ಚಲು ಬೇಕಾದ ಗುಪ್ತ ಕೀಲಿ ಸಾಲ ಕೊಡುವವರ ಬಳಿ ಮಾತ್ರ ಇರುತ್ತದೆ. ಹಾಗಾಗಿ ನಡುವಿನ ಕಂಪನಿಯ ಕೈಗೆ ಸಿಗುವುದು ಅರ್ಥವಾಗದ ಅಕ್ಷರಗಳ ಸಾಲುಗಳಷ್ಟೇ; ಅದನ್ನೂ ಅದು ಕೂಡಿಟ್ಟುಕೊಳ್ಳುವಂತಿಲ್ಲ. ಆದರೆ ಯಾರು, ಯಾವ ಸಂಸ್ಥೆಗೆ, ಯಾವ ಖಾತೆಯ ವಿವರ ಕೊಡಲು ಒಪ್ಪಿದರು ಎಂಬ ದಾಖಲೆ ಅದರ ಬಳಿ ಇರುತ್ತದೆ. ಒಪ್ಪಿಗೆಯನ್ನು ಹಿಂತೆಗೆಯುವಾಗ ನೆರವಾಗುವುದೂ ಆ ದಾಖಲೆಯೇ.

ಹುಬ್ಬಳ್ಳಿಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ನಡೆಸುವವರೊಬ್ಬರು ಹಬ್ಬದ ಸೀಸನ್ನಿಗೆ ಸರಕು ತುಂಬಲು 3 ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಹಾಕುತ್ತಾರೆ ಎಂದು ಇಟ್ಟುಕೊಂಡರೆ, ಇಡೀ ಪ್ರಕ್ರಿಯೆ ಕಣ್ಣಿಗೆ ಕಟ್ಟುತ್ತದೆ. ಅವರಿಗೆ ಅಂಗಡಿಯ ಹೆಸರಿನಲ್ಲಿ ಒಂದು ಚಾಲ್ತಿ ಖಾತೆಯಿದೆ, ಮತ್ತೊಂದು ಬ್ಯಾಂಕಿನಲ್ಲಿ ಸ್ವಂತದ ಉಳಿತಾಯ ಖಾತೆಯಿದೆ. ಆಧಾರ್, ಪ್ಯಾನ್ ವಿವರ ತುಂಬಿದ ಮೇಲೆ ಸಾಲದ ಆ್ಯಪ್ ಅವರನ್ನು ಅಕೌಂಟ್ ಅಗ್ರಿಗೇಟರ್‌ನ ಪರದೆಗೆ ಕರೆದೊಯ್ಯುತ್ತದೆ. ಬಹಳ ಸಲ ಈ ಪರದೆ ಅದೇ ಆ್ಯಪಿನ ಒಳಗೇ ತೆರೆದುಕೊಳ್ಳುವುದರಿಂದ ತಾವು ಬೇರೆ ಕಂಪನಿಯೊಂದರಲ್ಲಿ ನೋಂದಣಿಯಾಗುತ್ತಿದ್ದೇವೆ ಎಂಬುದೇ ಜನರ ಗಮನಕ್ಕೆ ಬರುವುದಿಲ್ಲ. ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಒಟಿಪಿ ಹಾಕಿದರೆ ನೋಂದಣಿ ಆಯಿತು. ಯುಪಿಐ ಐಡಿಯನ್ನು ಹೋಲುವ ಒಂದು ಗುರುತೂ ಸಿಗುತ್ತದೆ: ಮೊಬೈಲ್ ಸಂಖ್ಯೆ, ಅದರ ಮುಂದೆ @ ಚಿಹ್ನೆ, ಬಳಿಕ ಆ ಕಂಪನಿಯ ಹೆಸರು.

ಮುಂದಿನ ಹಂತ ಖಾತೆಗಳನ್ನು ಹುಡುಕುವುದು. ಅಂಗಡಿಯವರು ತಮ್ಮ ಬ್ಯಾಂಕುಗಳ ಹೆಸರನ್ನು ಆರಿಸುತ್ತಾರೆ. ಆ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರುವ ಖಾತೆಗಳು ಯಾವುವು ಎಂದು ಬ್ಯಾಂಕು ಹೇಳುತ್ತದೆ. ಪರದೆಯಲ್ಲಿ ಖಾತೆ ಸಂಖ್ಯೆಯ ಕೊನೆಯ ಕೆಲವು ಅಂಕಿಗಳು ಮಾತ್ರ ಕಾಣುತ್ತವೆ. ಬೇಕಾದ ಖಾತೆಗೆ ಗುರುತು ಹಾಕಿದಾಗ ಆ ಬ್ಯಾಂಕಿನಿಂದಲೇ ಇನ್ನೊಂದು ಒಟಿಪಿ ಬರುತ್ತದೆ. ಖಾತೆ ನಿಜಕ್ಕೂ ಈ ವ್ಯಕ್ತಿಯದೇ ಎಂದು ಬ್ಯಾಂಕು ಖಚಿತಪಡಿಸಿಕೊಳ್ಳುವ ಬಗೆ ಇದು. ಖಾತೆಗಳ ಜೋಡಣೆ ಇಲ್ಲಿಗೆ ಮುಗಿಯುತ್ತದೆ. ಆದರೆ ಒಂದು ರೂಪಾಯಿಯ ಲೆಕ್ಕವೂ ಇನ್ನೂ ಹೊರಗೆ ಹೋಗಿಲ್ಲ.

ಪ್ರಕ್ರಿಯೆ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಹತ್ತು ವರ್ಷದ ಹಿಂದೆ ಖಾತೆ ತೆರೆದಾಗ ಕೊಟ್ಟ ನಂಬರ್ ಬೇರೆ, ಈಗ ಬಳಸುತ್ತಿರುವ ನಂಬರ್ ಬೇರೆ ಆಗಿದ್ದರೆ ಪರದೆಯಲ್ಲಿ ಖಾತೆ ಸಿಗಲಿಲ್ಲ ಎಂದು ಬರುತ್ತದೆ. ಶಾಖೆಗೆ ಹೋಗಿ ನಂಬರ್ ಬದಲಿಸದೆ ಮುಂದುವರಿಯಲಾಗದು. ಜಂಟಿ ಖಾತೆಗಳಲ್ಲಿ, ಅದರಲ್ಲೂ ಇಬ್ಬರ ಸಹಿಯೂ ಬೇಕಾದ ಖಾತೆಗಳಲ್ಲಿ, ಈ ದಾರಿ ನಡೆಯದಿರುವುದುಂಟು. ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಸಹಕಾರಿ ಬ್ಯಾಂಕುಗಳಲ್ಲಿ ಅನೇಕವು ಈ ಜಾಲಕ್ಕೆ ಸೇರಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಷ್ಟೇ ವ್ಯವಹಾರ ಇಟ್ಟುಕೊಂಡ ರೈತರ ಆದಾಯವಂತೂ ಇಲ್ಲಿ ಕಾಣಿಸುವುದೇ ಇಲ್ಲ. ಇಂಥವರು ಸಾಲದ ಸಂಸ್ಥೆಗೆ ಪಾಸ್‌ಪುಸ್ತಕದ ಪ್ರತಿಯನ್ನೋ ಪಿಡಿಎಫ್ ಅನ್ನೋ ಕೊಡುವ ದಾರಿ ಇದೆಯೇ ಎಂದು ಕೇಳಬೇಕಾಗುತ್ತದೆ.

ಖಾತೆ ಜೋಡಣೆಯಾದ ಮೇಲೆ ಒಪ್ಪಿಗೆಯ ಪರದೆ ಬರುತ್ತದೆ. ಇಡೀ ವ್ಯವಹಾರದಲ್ಲಿ ನಿಧಾನವಾಗಿ ಓದಲೇಬೇಕಾದದ್ದು ಇದೊಂದು. ಅರ್ಜಿ ಹಾಕಿದವರು ದುಡ್ಡಿನ ಆತುರದಲ್ಲಿ ಒಂದು ಕ್ಷಣವೂ ನಿಲ್ಲದೆ ಒತ್ತಿ ಮುಂದೆ ಹೋಗುವುದೂ ಇದನ್ನೇ. ಪರದೆಯಲ್ಲಿ ಮಾಹಿತಿ ಕೇಳುತ್ತಿರುವ ಸಂಸ್ಥೆ ಯಾವುದು, ಯಾವ ಉದ್ದೇಶಕ್ಕೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ವಹಿವಾಟು, ಎಷ್ಟು ಸಲ ತರಿಸಿಕೊಳ್ಳುತ್ತದೆ, ತರಿಸಿಕೊಂಡದ್ದನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತದೆ, ಒಪ್ಪಿಗೆ ಮುಗಿಯುವ ದಿನ ಯಾವುದು ಎಂಬ ವಿವರ ಇರುತ್ತದೆ. ಕೆಲವು ಆ್ಯಪ್‌ಗಳಲ್ಲಿ ಇಷ್ಟೂ ನೇರವಾಗಿ ಕಾಣದೆ, ವಿವರ ತೋರಿಸುವ ಬಾಣದ ಗುರುತನ್ನು ಒತ್ತಿದ ಮೇಲೆ ಬಿಚ್ಚಿಕೊಳ್ಳುತ್ತದೆ. ಒಪ್ಪಿಗೆ ಕೊಟ್ಟಾಗ ಇವೆಲ್ಲ ಸೇರಿ ಡಿಜಿಟಲ್ ಸಹಿಯುಳ್ಳ ಒಂದು ಒಪ್ಪಿಗೆ ಪತ್ರವಾಗುತ್ತದೆ. ಆಮೇಲೆ ಬ್ಯಾಂಕು ಪ್ರತಿ ಸಲವೂ ಆ ಪತ್ರವನ್ನು ಪರಿಶೀಲಿಸಿಯೇ ವಿವರ ಕೊಡುತ್ತದೆ. ಅದರಲ್ಲಿ ಒಂದು ವರ್ಷ ಎಂದಿದ್ದರೆ ಎರಡು ವರ್ಷದ ಲೆಕ್ಕ ಹೊರಡುವುದಿಲ್ಲ.

ಸಂಸ್ಥೆಯ ಹೆಸರನ್ನು ಮೊದಲು ನೋಡಬೇಕು. ಮಾಹಿತಿ ಪಡೆಯುವ ಅರ್ಹತೆ ಇರುವುದು ರಿಸರ್ವ್ ಬ್ಯಾಂಕ್, ಸೆಬಿಯಂಥ ಹಣಕಾಸು ನಿಯಂತ್ರಕರ ಅಧೀನದಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಸಾಲ ಕೊಡಿಸುವ ಆ್ಯಪ್ ಬರೀ ಮಧ್ಯವರ್ತಿಯಾಗಿದ್ದರೆ ಅದರ ಹೆಸರಿನಲ್ಲಿ ಒಪ್ಪಿಗೆ ಕೇಳುವಂತಿಲ್ಲ. ಹಿಂದೆ ಇರುವ ಬ್ಯಾಂಕು ಅಥವಾ ಹಣಕಾಸು ಕಂಪನಿಯ ಹೆಸರೇ ಪರದೆಯಲ್ಲಿ ಇರಬೇಕು. ಪರಿಚಯವೇ ಇಲ್ಲದ ಹೆಸರು ಕಂಡರೆ, ಆ ಆ್ಯಪ್ ಯಾವ ಕಂಪನಿಯ ಪರವಾಗಿ ಸಾಲ ಕೊಡಿಸುತ್ತಿದೆ ಎಂಬುದನ್ನು ಮೊದಲು ತಿಳಿದುಕೊಂಡು, ಆ ಕಂಪನಿ ರಿಸರ್ವ್ ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಮುಂದುವರಿಯುವುದು ಒಳ್ಳೆಯದು. ಅಕೌಂಟ್ ಅಗ್ರಿಗೇಟರ್ ಹೆಸರನ್ನೂ ಹೀಗೆಯೇ ಪರೀಕ್ಷಿಸಬಹುದು. ಎಟಿಎಂ ಪಿನ್, ಯುಪಿಐ ಪಿನ್ ಅಥವಾ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳಿದ ಪರದೆ ಖಂಡಿತ ಈ ವ್ಯವಸ್ಥೆಯದಲ್ಲ. ಫೋನ್ ಮಾಡಿ ಒಟಿಪಿ ಹೇಳಿ ಎನ್ನುವವರೂ, ಸಹಾಯದ ನೆಪದಲ್ಲಿ ಸ್ಕ್ರೀನ್ ಶೇರ್ ಮಾಡಿಸುವವರೂ ವಂಚಕರೇ.

ಯಾವ ಖಾತೆ ಕೊಡಬೇಕು ಎಂಬ ಆಯ್ಕೆ ಖಾತೆದಾರರದ್ದು. ಅಂಗಡಿಯವರು ಎರಡರಲ್ಲಿ ಚಾಲ್ತಿ ಖಾತೆಯನ್ನು ಮಾತ್ರ ಗುರುತಿಸಬಹುದು. ಇದು ಸಣ್ಣ ವಿಷಯವಲ್ಲ. ಉಳಿತಾಯ ಖಾತೆಯ ಸ್ಟೇಟ್‌ಮೆಂಟ್ ಎಂದರೆ ಮನೆಯೊಳಗಿನ ಬದುಕಿನ ದಾಖಲೆ: ಯಾವ ಆಸ್ಪತ್ರೆಗೆ ಎಷ್ಟು ಕಟ್ಟಿದರು, ಯಾವ ಮಠಕ್ಕೆ ಕಾಣಿಕೆ ಕೊಟ್ಟರು, ತಂಗಿಗೆ ತಿಂಗಳು ತಿಂಗಳು ಎಷ್ಟು ಕಳಿಸಿದರು, ಎಲ್ಲವೂ ಯುಪಿಐ ವಿವರಣೆಯ ಸಾಲುಗಳಲ್ಲಿ ಹೆಸರು ಸಮೇತ ಕಾಣುತ್ತದೆ. ಸಾಲ ಕೊಡುವವರಿಗೆ ಬೇಕಾದದ್ದು ವ್ಯಾಪಾರದ ಚಿತ್ರ. ಪ್ರತಿ ತಿಂಗಳು ಜಮೆಯಾಗುವ ಮೊತ್ತ, ಸರಾಸರಿ ಶಿಲ್ಕು, ಈಗಾಗಲೇ ಕಟ್ಟುತ್ತಿರುವ ಕಂತುಗಳು, ವಾಪಸಾದ ಚೆಕ್ಕುಗಳು, ಹಣವಿಲ್ಲದೆ ತಪ್ಪಿದ ಸ್ವಯಂಚಾಲಿತ ಕಂತುಗಳು ಇವನ್ನು ಅವರ ಸಾಫ್ಟ್‌ವೇರ್ ಕೆಲವೇ ಕ್ಷಣಗಳಲ್ಲಿ ಲೆಕ್ಕ ಹಾಕುತ್ತದೆ. ಹಾಗೆಂದು ಒಂದೇ ಖಾತೆ ಕೊಟ್ಟರೆ ಸಾಲ ಸಿಕ್ಕೇ ಸಿಗುತ್ತದೆ ಎನ್ನಲಾಗದು. ಗ್ರಾಹಕರ ಯುಪಿಐ ಹಣವೆಲ್ಲ ಉಳಿತಾಯ ಖಾತೆಗೇ ಬರುತ್ತಿದ್ದರೆ, ಚಾಲ್ತಿ ಖಾತೆಯೊಂದರಿಂದಲೇ ವ್ಯಾಪಾರದ ನಿಜವಾದ ಅಳತೆ ಗೊತ್ತಾಗದೆ ಸಾಲದ ಮೊತ್ತ ಕಡಿಮೆಯಾಗಬಹುದು, ಅರ್ಜಿ ತಿರಸ್ಕೃತವೂ ಆಗಬಹುದು.

ಒಪ್ಪಿಗೆಯಲ್ಲಿ ಎರಡು ಬಗೆ. ಒಂದು, ಒಂದೇ ಸಲದ ಒಪ್ಪಿಗೆ: ಹಿಂದಿನ ಇಷ್ಟು ತಿಂಗಳ ಲೆಕ್ಕವನ್ನು ಒಮ್ಮೆ ತರಿಸಿಕೊಂಡರೆ ಮುಗಿಯಿತು. ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಇದು ಸಾಕು. ಇನ್ನೊಂದು, ಮತ್ತೆ ಮತ್ತೆ ತರಿಸಿಕೊಳ್ಳುವ ಒಪ್ಪಿಗೆ: ಸಾಲ ಕೊಟ್ಟ ಮೇಲೂ ತಿಂಗಳಿಗೊಮ್ಮೆಯೋ ಬೇರೆ ಅವಧಿಗೊಮ್ಮೆಯೋ ಖಾತೆಯ ಹೊಸ ವಹಿವಾಟನ್ನು ನೋಡುತ್ತಿರಲು ಸಂಸ್ಥೆಗೆ ಅವಕಾಶ ಕೊಡುತ್ತದೆ. ವ್ಯಾಪಾರ ಕುಸಿಯುತ್ತಿದೆಯೇ, ಕಂತಿನ ದಿನಕ್ಕೆ ಖಾತೆಯಲ್ಲಿ ಹಣ ಇರುತ್ತದೆಯೇ ಎಂದು ಮೊದಲೇ ಅರಿಯಲು ಅವರು ಇದನ್ನು ಬಳಸುತ್ತಾರೆ. ಪರದೆಯಲ್ಲಿ ಮೊದಲನೆಯದು One-time, ಎರಡನೆಯದು Periodic ಎಂದೋ ತಿಂಗಳಿಗೆ ಇಷ್ಟು ಸಲ ಎಂದೋ ಕಾಣುತ್ತದೆ. ಉದ್ದೇಶದ ಸಾಲಿನಲ್ಲಿ ಖಾತೆಯ ಮೇಲೆ ನಿಗಾ ಎಂಬರ್ಥದ monitoring ಎಂಬ ಪದ ಇದ್ದರೆ ಅದು ಎರಡನೆಯ ಬಗೆ. ಸಾಲ ಪಡೆಯುವವರಲ್ಲಿ ಬಹುಮಂದಿ ತಾವು ಕೊಟ್ಟದ್ದು ಒಂದು ಸಲದ ಸ್ಟೇಟ್‌ಮೆಂಟ್ ಎಂದೇ ನಂಬಿರುತ್ತಾರೆ. ಎಷ್ಟು ಸಲ, ಎಲ್ಲಿಯವರೆಗೆ ಎಂಬ ಎರಡು ಸಾಲುಗಳನ್ನು ಓದಿದವರಿಗೆ ಮಾತ್ರ ನಿಜ ಗೊತ್ತಿರುತ್ತದೆ.

ಹುಬ್ಬಳ್ಳಿಯ ಅಂಗಡಿಯವರಿಗೆ ಎರಡೂ ಬಗೆಯವು ಬಂದವು ಎಂದುಕೊಳ್ಳಬಹುದು. ಮೊದಲು, ಹಿಂದಿನ 12 ತಿಂಗಳ ವಹಿವಾಟಿಗೆ ಒಂದೇ ಸಲದ ಒಪ್ಪಿಗೆ. ಸಾಲ ಮಂಜೂರಾಗಿ, ಹಣ ಜಮೆಯಾಗುವ ಮುಂಚೆ, 24 ತಿಂಗಳ ಸಾಲದ ಅವಧಿಗೆ ತಿಂಗಳಿಗೊಂದು ಸಲದ ಇನ್ನೊಂದು ಒಪ್ಪಿಗೆ. ಎರಡಕ್ಕೂ ಒಟಿಪಿ ಹಾಕಿ ಒಪ್ಪಿದ್ದಾರೆ. ಕಂತು ಕಟ್ಟಲು ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಮ್ಯಾಂಡೇಟ್ ಬೇರೆ ಕೊಟ್ಟಿದ್ದಾರೆ. ವ್ಯಾಪಾರ ಚೆನ್ನಾಗಿ ನಡೆದು 14ನೇ ತಿಂಗಳಿಗೇ ಸಾಲವನ್ನು ಪೂರ್ತಿ ತೀರಿಸಿ, ಬಾಕಿ ಇಲ್ಲ ಎಂಬ ಪತ್ರ ಪಡೆದುಕೊಳ್ಳುತ್ತಾರೆ. ಸಾಲ ಮುಗಿದರೂ ಎರಡನೆಯ ಒಪ್ಪಿಗೆಯ ಮೇಲಿರುವ ದಿನಾಂಕದ ಪ್ರಕಾರ ಇನ್ನೂ 10 ತಿಂಗಳು ಬಾಕಿ. ಸಾಲ ತೀರಿದೆ ಎಂಬುದು ಅಕೌಂಟ್ ಅಗ್ರಿಗೇಟರ್‌ಗೆ ತಾನಾಗಿ ತಿಳಿಯುವುದಿಲ್ಲ. ಸಂಸ್ಥೆ ಮುಂದೆ ತರಿಸಿಕೊಳ್ಳದೇ ಇರಬಹುದು, ತರಿಸಿಕೊಳ್ಳಲು ಉದ್ದೇಶವೇ ಉಳಿದಿಲ್ಲ ಎಂಬುದೂ ನಿಜ. ಆದರೂ ಅದರ ಮೇಲೆ ನಂಬಿಕೆಯಿಟ್ಟು ಕೂರುವುದಕ್ಕಿಂತ ಒಪ್ಪಿಗೆಯನ್ನೇ ಹಿಂತೆಗೆದುಬಿಡುವುದು ಲೇಸು.

ಹಿಂತೆಗೆಯುವ ಕೆಲಸ ಸಾಲದ ಆ್ಯಪಿನಲ್ಲಿ ಅಲ್ಲ, ಒಪ್ಪಿಗೆಯನ್ನು ದಾಖಲಿಸಿದ ಅಕೌಂಟ್ ಅಗ್ರಿಗೇಟರ್ ಬಳಿ ಆಗಬೇಕು. ಸಾಲದ ಆ್ಯಪನ್ನು ಫೋನಿನಿಂದ ಅಳಿಸಿಹಾಕಿದರೆ ಒಪ್ಪಿಗೆ ರದ್ದಾಯಿತು ಎಂಬುದು ತಪ್ಪು ತಿಳಿವಳಿಕೆ. ಆ್ಯಪ್ ಹೋದರೂ ಒಪ್ಪಿಗೆ ಪತ್ರ ಜೀವಂತವಾಗಿಯೇ ಇರುತ್ತದೆ. ಮೊದಲ ಕಷ್ಟ ಯಾವ ಅಕೌಂಟ್ ಅಗ್ರಿಗೇಟರ್ ಎಂದು ನೆನಪಿಸಿಕೊಳ್ಳುವುದು. ಪರದೆ ಸಾಲದ ಆ್ಯಪಿನೊಳಗೇ ಬಂದುಹೋದದ್ದರಿಂದ ಹೆಸರು ಮನಸ್ಸಿನಲ್ಲಿ ಉಳಿದಿರುವುದಿಲ್ಲ. ಅರ್ಜಿ ಹಾಕಿದ ದಿನದ ಎಸ್‌ಎಂಎಸ್‌ಗಳನ್ನು ಹುಡುಕಿದರೆ ಒಟಿಪಿ ಸಂದೇಶದಲ್ಲಿ ಹೆಸರು ಸಿಗುತ್ತದೆ. ಇಲ್ಲದಿದ್ದರೆ ಸಾಲ ಕೊಟ್ಟ ಸಂಸ್ಥೆಯ ಗ್ರಾಹಕ ಸೇವೆಯನ್ನು ಕೇಳಿದರೆ ಹೇಳಬೇಕು. ಒಂದು ಕಂಪನಿಯಲ್ಲಿ ಕೊಟ್ಟ ಒಪ್ಪಿಗೆ ಇನ್ನೊಂದರ ಪಟ್ಟಿಯಲ್ಲಿ ಕಾಣದು ಎಂಬುದನ್ನೂ ನೆನಪಿಡಬೇಕು. ಮೂರು ಕಡೆ ಸಾಲ ವಿಚಾರಿಸಿದವರ ಒಪ್ಪಿಗೆಗಳು ಮೂರು ಬೇರೆ ಬೇರೆ ಕಂಪನಿಗಳಲ್ಲಿ ಇರಬಹುದು.

ಹೆಸರು ಗೊತ್ತಾದ ಮೇಲೆ ಆ ಕಂಪನಿಯ ಆ್ಯಪ್ ಇಳಿಸಿಕೊಂಡೋ ಜಾಲತಾಣಕ್ಕೆ ಹೋಗಿಯೋ, ಒಪ್ಪಿಗೆ ಕೊಟ್ಟಾಗಿನ ಅದೇ ಮೊಬೈಲ್ ಸಂಖ್ಯೆ ಮತ್ತು ಒಟಿಪಿಯಿಂದ ಒಳಗೆ ಹೋಗಬೇಕು. ಅಲ್ಲಿ Consents ಎಂಬ ವಿಭಾಗ ಇರುತ್ತದೆ. ಈಗಲೂ ಚಾಲ್ತಿಯಲ್ಲಿರುವವು Active ಎಂಬ ಪಟ್ಟಿಯಲ್ಲಿ, ಸಂಸ್ಥೆಯ ಹೆಸರಿನೊಂದಿಗೆ ಸಾಲಾಗಿ ಕಾಣುತ್ತವೆ. ಒಂದನ್ನು ಒತ್ತಿದರೆ ಕೊಟ್ಟ ದಿನ, ಮುಗಿಯುವ ದಿನ, ಎಷ್ಟು ಸಲ ಎಂಬ ಹಳೆಯ ವಿವರವೆಲ್ಲ ತೆರೆದುಕೊಳ್ಳುತ್ತದೆ. ಕೆಳಗಿರುವ Revoke ಗುಂಡಿಯನ್ನು ಒತ್ತಿ ಖಚಿತಪಡಿಸಬೇಕು. ಆ ಕ್ಷಣಕ್ಕೆ ಅದು Revoked ಪಟ್ಟಿಗೆ ಸೇರುತ್ತದೆ. ಬ್ಯಾಂಕಿಗೂ ಸಾಲದ ಸಂಸ್ಥೆಗೂ ಸೂಚನೆ ಹೋಗುತ್ತದೆ. ಮುಂದೆ ಅದೇ ಒಪ್ಪಿಗೆಯ ಮೇಲೆ ವಿವರ ಕೇಳಿದರೆ ಸಿಗುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ Pause ಎಂಬುದೂ ಇರುತ್ತದೆ. ಅದು ತಾತ್ಕಾಲಿಕ ತಡೆ. ಮತ್ತೆ ಚಾಲನೆ ಕೊಡಬಹುದು. ಹಿಂತೆಗೆದದ್ದಕ್ಕೆ ಮರುಜೀವ ಇಲ್ಲ, ಬೇಕೆಂದರೆ ಹೊಸದಾಗಿಯೇ ಕೊಡಬೇಕು. ಪರದೆಯ ಫೋಟೊ ಒಂದನ್ನು ತೆಗೆದಿಟ್ಟುಕೊಂಡರೆ ಮುಂದೆ ದೂರು ಕೊಡುವ ಸಂದರ್ಭ ಬಂದಾಗ ದಿನಾಂಕಕ್ಕೆ ಸಾಕ್ಷಿ ಇರುತ್ತದೆ.

ಅದೇ ಆ್ಯಪಿನಲ್ಲಿ ಖಾತೆಯ ಜೋಡಣೆಯನ್ನು ಬಿಡಿಸುವ De-link ಎಂಬ ಗುಂಡಿಯೂ ಇರಬಹುದು. ಎರಡನ್ನೂ ಒಂದೇ ಎಂದು ತಿಳಿಯಬಾರದು. ಜೋಡಣೆ ಎಂದರೆ ಈ ಖಾತೆ ತನ್ನದು ಎಂದು ತೋರಿಸಿ ಇಟ್ಟಿರುವುದು, ಒಪ್ಪಿಗೆ ಎಂದರೆ ಅದರ ಲೆಕ್ಕವನ್ನು ಇಂಥವರಿಗೆ ಕೊಡಿ ಎಂದಿರುವುದು. ಮೊದಲು ಒಪ್ಪಿಗೆಯನ್ನು ಹಿಂತೆಗೆದು, ಬೇಕಿದ್ದರೆ ಆಮೇಲೆ ಜೋಡಣೆ ಬಿಡಿಸುವುದು ಸರಿಯಾದ ಕ್ರಮ. ನಂಬರ್ ಬದಲಿಸುವ ಆಲೋಚನೆ ಇರುವವರು ಹಳೆಯ ಸಿಮ್ ಕೈಬಿಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಬೇಕು. ಇಲ್ಲವಾದರೆ ಒಟಿಪಿ ಬರದೆ ಒಳಗೆ ಹೋಗುವುದೇ ಕಷ್ಟವಾಗುತ್ತದೆ.

ಒಪ್ಪಿಗೆ ಹಿಂತೆಗೆದರೆ ಏನೇನು ಆಗುವುದಿಲ್ಲ ಎಂಬುದು ಅಷ್ಟೇ ಮುಖ್ಯ. ಸಾಲ ರದ್ದಾಗುವುದಿಲ್ಲ, ಕಂತೂ ನಿಲ್ಲುವುದಿಲ್ಲ. ಕಂತಿನ ಮ್ಯಾಂಡೇಟ್ ಬೇರೆಯೇ ದಾಖಲೆ, ಅದು ಬ್ಯಾಂಕು ಮತ್ತು ಪಾವತಿ ನಿಗಮದ ವ್ಯವಸ್ಥೆಯಲ್ಲಿರುತ್ತದೆ. ಸಾಲ ತೀರಿದ ಮೇಲೆ ಅದನ್ನೂ ಪ್ರತ್ಯೇಕವಾಗಿ ರದ್ದು ಮಾಡಿಸಬೇಕು. ಸಾಲ ನಡೆಯುತ್ತಿರುವಾಗಲೇ ನಿಗಾ ಒಪ್ಪಿಗೆಯನ್ನು ಹಿಂತೆಗೆಯಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಆದರೆ ಸಾಲದ ಕರಾರಿನಲ್ಲಿ, ಅವಧಿ ಮುಗಿಯುವವರೆಗೆ ಒಪ್ಪಿಗೆ ಮುಂದುವರಿಸಬೇಕು ಎಂಬ ಷರತ್ತು ಇದ್ದರೆ ಸಂಸ್ಥೆ ತಕರಾರು ತೆಗೆಯಬಹುದು. ವ್ಯಾಪಾರಕ್ಕೆ ಪದೇ ಪದೇ ಹಣ ಎತ್ತುವ ಸಾಲದ ಮಿತಿಯಿದ್ದರೆ ಮುಂದಿನ ಸಲ ಹಣ ಕೊಡಲು ಹಿಂಜರಿಯಬಹುದು. ಕರಾರಿನ ಆ ಭಾಗವನ್ನು ಓದಿ, ಮೊದಲೇ ಸಂಸ್ಥೆಯೊಂದಿಗೆ ಮಾತಾಡುವುದು ಕ್ಷೇಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆಯುವುದೂ ಅಷ್ಟೇ ಸುಲಭವಾಗಿರಬೇಕು ಎನ್ನುತ್ತದೆ. ಹಿಂತೆಗೆದದ್ದರ ಪರಿಣಾಮವನ್ನು ಹಿಂತೆಗೆದವರೇ ಹೊರಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಹಿಂತೆಗೆತ ಮುಂದಿನದಕ್ಕೆ ಅನ್ವಯಿಸುತ್ತದೆ, ಹಿಂದಿನದಕ್ಕಲ್ಲ. ಅಂಗಡಿಯವರ ವಿಷಯದಲ್ಲಿ ಮೊದಲ 12 ತಿಂಗಳ ಸ್ಟೇಟ್‌ಮೆಂಟೂ, ಆಮೇಲೆ ತಿಂಗಳಿಗೊಂದರಂತೆ ಹೋದ ವಿವರಗಳೂ ಈಗಾಗಲೇ ಸಂಸ್ಥೆಯ ಕಂಪ್ಯೂಟರಿನಲ್ಲಿ ಇವೆ. Revoke ಒತ್ತಿದರೆ ಅವು ಅಳಿಸಿಹೋಗುವುದಿಲ್ಲ; ಅಕೌಂಟ್ ಅಗ್ರಿಗೇಟರ್‌ಗೆ ಅವನ್ನು ಅಳಿಸುವ ಶಕ್ತಿಯೂ ಇಲ್ಲ. ಒಪ್ಪಿಗೆ ಪತ್ರದಲ್ಲಿ ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂದು ಬರೆದಿದೆಯೋ ಅದಕ್ಕೆ ಸಂಸ್ಥೆ ಬದ್ಧ. ಸಾಲ ಕೊಟ್ಟ ಸಂದರ್ಭದಲ್ಲಿ ಕಾನೂನಿನ ಪ್ರಕಾರ ಕೆಲವು ವರ್ಷ ಉಳಿಸಿಕೊಳ್ಳಲೇಬೇಕಾದ ದಾಖಲೆಗಳೂ ಇರುತ್ತವೆ, ಅವನ್ನು ಅಳಿಸಿ ಎಂದು ಒತ್ತಾಯಿಸಲಾಗದು.

ಅಳಿಸಬೇಕೆಂದರೆ ಸಂಸ್ಥೆಗೇ ಬರೆಯಬೇಕು. ಡಿಜಿಟಲ್ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿ, 2025ರಲ್ಲಿ ಮತ್ತೆ ಕ್ರೋಡೀಕರಿಸಿದ ನಿಯಮಗಳು ಸಾಲಗಾರರಿಗೆ ಈ ಹಕ್ಕು ಕೊಡುತ್ತವೆ: ನಿರ್ದಿಷ್ಟ ಮಾಹಿತಿಯ ಬಳಕೆಗೆ ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ, ಮೂರನೆಯವರಿಗೆ ಕೊಡದಂತೆ ತಡೆಯುವ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆಯುವ, ಆ್ಯಪ್ ಸಂಗ್ರಹಿಸಿದ ಮಾಹಿತಿಯನ್ನು ಅಳಿಸುವಂತೆ ಕೇಳುವ ಅವಕಾಶ ಇರಬೇಕು. ಪಡೆದ ಮಾಹಿತಿಯನ್ನು ಭಾರತದೊಳಗಿನ ಸರ್ವರ್‌ಗಳಲ್ಲೇ ಇಡಬೇಕು. ಅರ್ಜಿ ತಿರಸ್ಕೃತವಾದವರು ಈ ಹಕ್ಕನ್ನು ತಪ್ಪದೆ ಬಳಸಬೇಕು. ಸಾಲವನ್ನೇ ಕೊಡದ ಸಂಸ್ಥೆಗೆ ಅವರ ಒಂದು ವರ್ಷದ ಮನೆಲೆಕ್ಕ ಇಟ್ಟುಕೊಳ್ಳಲು ಬಲವಾದ ಕಾರಣ ಇರುವುದಿಲ್ಲ. ಸಂಸ್ಥೆಯ ಕುಂದುಕೊರತೆ ಅಧಿಕಾರಿಯ ಇಮೇಲ್ ವಿಳಾಸ ಅದರ ಜಾಲತಾಣದಲ್ಲಿ ಇರುತ್ತದೆ. ಅರ್ಜಿ ಸಂಖ್ಯೆ, ಒಪ್ಪಿಗೆ ಕೊಟ್ಟ ದಿನ, ಹಿಂತೆಗೆದ ದಿನ ಬರೆದು, ತರಿಸಿಕೊಂಡ ಸ್ಟೇಟ್‌ಮೆಂಟನ್ನು ಅಳಿಸಬೇಕು, ಅಳಿಸಲಾಗದ ಭಾಗವಿದ್ದರೆ ಯಾವ ನಿಯಮದ ಪ್ರಕಾರ ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ತಿಳಿಸಬೇಕು ಎಂಬ ನಾಲ್ಕು ಸಾಲು ಸಾಕು. ಕೊನೆಯ ಆ ಪ್ರಶ್ನೆಯನ್ನು ಬಿಡಬಾರದು, ಆಗ ಸಂಸ್ಥೆ ಹಾರಿಕೆಯ ಉತ್ತರ ಕೊಟ್ಟು ಜಾರಿಕೊಳ್ಳಲಾಗದು.

ಹಿಂತೆಗೆದ ಮೇಲೂ ಮಾಹಿತಿ ಹೋಗಿದೆ ಎಂಬ ಅನುಮಾನ ಬಂದರೆ ನೋಡಿಕೊಳ್ಳಲು ದಾರಿಯಿದೆ. ಯಾವ ಒಪ್ಪಿಗೆಯ ಮೇಲೆ ಯಾವ ದಿನ ವಿವರ ಹೋಯಿತು ಎಂಬ ದಾಖಲೆ ಅಕೌಂಟ್ ಅಗ್ರಿಗೇಟರ್ ಬಳಿ ಇರುತ್ತದೆ. ಆ್ಯಪಿನಲ್ಲಿ ಕಾಣದಿದ್ದರೆ ಕೇಳಿ ಪಡೆಯಬಹುದು. Revoke ಆದ ದಿನಾಂಕದ ಬಳಿಕದ ಒಂದು ನಮೂದು ಅದರಲ್ಲಿದ್ದರೂ ಅದು ದೂರಿಗೆ ಗಟ್ಟಿ ಆಧಾರ. ಆ ದಿನಾಂಕದ ನಂತರ ಯಾವುದೂ ಇಲ್ಲದೆ, ಸಾಲದ ಸಂಸ್ಥೆಯಿಂದ ಬರೀ ಜಾಹೀರಾತಿನ ಕರೆಗಳು ಬರುತ್ತಿದ್ದರೆ, ಅದು ಹೊಸದಾಗಿ ತರಿಸಿಕೊಂಡದ್ದರಿಂದ ಅಲ್ಲ, ಮೊದಲೇ ಕೈಯಲ್ಲಿದ್ದ ಮಾಹಿತಿಯ ಬಳಕೆಯಿಂದ ಇರಬಹುದು. ಆ ದೂರು ಅಕೌಂಟ್ ಅಗ್ರಿಗೇಟರ್ ಮೇಲಲ್ಲ, ಸಂಸ್ಥೆಯ ಮೇಲೆ ಆಗಬೇಕು.

ಅಕೌಂಟ್ ಅಗ್ರಿಗೇಟರ್‌ನಿಂದ ತಪ್ಪಾಗಿದ್ದರೆ ಅದರ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿಗೆ ಮೇಲ್ಮನವಿ ಸಲ್ಲಿಸಬಹುದು. ಸಾಲ ಕೊಟ್ಟ ಬ್ಯಾಂಕು ಅಥವಾ ಕಂಪನಿಯ ಮೇಲಿನ ದೂರಿಗೆ 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆಗೆ cms.rbi.org.in ತಾಣದ ಮೂಲಕ, ಶುಲ್ಕವಿಲ್ಲದೆ, ದೂರು ಹಾಕಬಹುದು. ಮೊದಲು ಸಂಸ್ಥೆಗೆ ದೂರು ಕೊಟ್ಟದ್ದಕ್ಕೆ ಪುರಾವೆ ಇಲ್ಲದಿದ್ದರೆ ಅಲ್ಲಿ ಅರ್ಜಿ ನಿಲ್ಲುವುದಿಲ್ಲ. ಹಾಗಾಗಿ ಫೋನಿನಲ್ಲಿ ಹೇಳಿ ಸುಮ್ಮನಾಗದೆ, ಇಮೇಲ್ ಮೂಲಕವೇ ದೂರು ಕೊಟ್ಟು ಅದರ ಪ್ರತಿಯನ್ನೂ ದೂರು ಸಂಖ್ಯೆಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.